ಕಂಟ್ರೋಲ್ ಖಾತೆ ತಾಳೆಯಾಗದಿದ್ದರೆ ಬಿಲ್ ಕಟ್ಟು ಬಿಚ್ಚಬೇಡಿ

ಪ್ರಶ್ನೆ: ಮೂರು ಲೆಡ್ಜರ್‌ಗಳೂ ಒಂದೊಂದಾಗಿ ತಾಳೆಯಾಗುತ್ತಿವೆ. ಆದರೆ ಜನರಲ್ ಲೆಡ್ಜರ್‌ನಲ್ಲಿರುವ ಡೆಟರ್ಸ್ ಕಂಟ್ರೋಲ್ ಖಾತೆಗೂ ಗಿರಾಕಿಗಳ ಬಾಕಿ ಪಟ್ಟಿಗೂ ವ್ಯತ್ಯಾಸ ಇದೆ. ಕ್ರೆಡಿಟರ್ಸ್ ಕಡೆಯೂ ಹಾಗೇ. ಬಿಲ್‌ಗಳನ್ನೆಲ್ಲ ಮತ್ತೆ ಟಿಕ್ ಮಾಡಲಾ, ಇಲ್ಲ ವ್ಯತ್ಯಾಸವನ್ನು ಸಸ್ಪೆನ್ಸ್‌ಗೆ ಹಾಕಿಬಿಡಲಾ?

ಎರಡೂ ಬೇಡ. ಬಿಲ್ ಟಿಕ್ ಮಾಡುವ ಕೆಲಸ ನಾವು ಮಾಡಿ ನೋಡಿದ್ದೇವೆ, ಅದರಿಂದ ಏನೂ ಸಿಗಲಿಲ್ಲ.

ನಾನು ಆಗ ದಾವಣಗೆರೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಕ್ಕಿ, ಬೇಳೆ, ಗೋಣಿಚೀಲದ ವ್ಯಾಪಾರ. ಗಿರಾಕಿಗಳಿಗೆ ಒಂದು ಲೆಡ್ಜರ್, ಮಾಲು ಕೊಡುವವರಿಗೆ ಒಂದು, ಉಳಿದದ್ದಕ್ಕೆಲ್ಲ ಜನರಲ್ ಲೆಡ್ಜರ್. ಒಂದು ರೈಸ್ ಮಿಲ್ ನಮ್ಮಿಂದ ಗೋಣಿಚೀಲ ತೆಗೆದುಕೊಳ್ಳುತ್ತಿತ್ತು, ನಮಗೆ ಅಕ್ಕಿಯನ್ನೂ ಕೊಡುತ್ತಿತ್ತು. ಹಾಗಾಗಿ ಅದರ ಹೆಸರು ಎರಡು ಲೆಡ್ಜರ್‌ನಲ್ಲೂ ಇತ್ತು. ಚೀಲದ ಬಾಬ್ತು ಅವರಿಂದ ನಮಗೆ 48,600 ರೂಪಾಯಿ ಬರಬೇಕಿತ್ತು. ಅಕ್ಕಿಯ ಬಾಬ್ತು ನಾವು ಅವರಿಗೆ 31,200 ಕೊಡಬೇಕಿತ್ತು. ಚಿಕ್ಕ ಮೊತ್ತ 31,200ನ್ನು ಎರಡೂ ಕಡೆ ಮುರಿದುಕೊಂಡು, ಉಳಿದ 17,400ಕ್ಕೆ ಚೆಕ್ ತೆಗೆದುಕೊಳ್ಳುವುದು ಅಂತ ಮಾತಾಯಿತು. ಕಾಂಟ್ರಾ ಎಂಟ್ರಿ ಅಂದರೆ ಇಷ್ಟೇ. (ಟ್ಯಾಲಿ ಬಳಸುವವರು F4 ಒತ್ತಿ Contra ವೋಚರ್‌ಗೆ ಹೋಗಬೇಡಿ, ಅದು ನಗದು ಮತ್ತು ಬ್ಯಾಂಕ್ ನಡುವಿನ ವರ್ಗಾವಣೆಗೆ. ಈ ಮುರಿತ ಹೋಗಬೇಕಾದದ್ದು F7, ಅಂದರೆ Journal ವೋಚರ್‌ಗೆ.)

ಮಾತು ಸುಲಭ. ಆದರೆ ಸೆಲ್ಫ್ ಬ್ಯಾಲೆನ್ಸಿಂಗ್ ಲೆಡ್ಜರ್‌ನಲ್ಲಿ ಇದನ್ನು ಬರೆಯಲು ಆರು ಪೋಸ್ಟಿಂಗ್ ಬೇಕು, ಒಂದೊಂದು ಲೆಡ್ಜರ್‌ಗೆ ಎರಡು. ಡೆಟರ್ಸ್ ಲೆಡ್ಜರ್‌ನಲ್ಲಿ ಮಿಲ್ ಖಾತೆಗೆ ಕ್ರೆಡಿಟ್, ಅಲ್ಲೇ ಇರುವ ಜನರಲ್ ಲೆಡ್ಜರ್ ಅಡ್ಜಸ್ಟ್‌ಮೆಂಟ್ ಖಾತೆಗೆ ಡೆಬಿಟ್. ಕ್ರೆಡಿಟರ್ಸ್ ಲೆಡ್ಜರ್‌ನಲ್ಲಿ ಮಿಲ್ ಖಾತೆಗೆ ಡೆಬಿಟ್, ಅಲ್ಲಿನ ಅಡ್ಜಸ್ಟ್‌ಮೆಂಟ್ ಖಾತೆಗೆ ಕ್ರೆಡಿಟ್. ಜನರಲ್ ಲೆಡ್ಜರ್‌ನಲ್ಲಿ ಕ್ರೆಡಿಟರ್ಸ್ ಕಂಟ್ರೋಲ್‌ಗೆ ಡೆಬಿಟ್, ಡೆಟರ್ಸ್ ಕಂಟ್ರೋಲ್‌ಗೆ ಕ್ರೆಡಿಟ್.

ನಮ್ಮಲ್ಲಿ ಎಡವಿದ್ದು ಕೊನೆಯ ಎರಡು ಪೋಸ್ಟಿಂಗ್‌ನಲ್ಲಿ. ಅದು ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲೂ ಅದೇ ಆಗಿರುವ ಸಾಧ್ಯತೆ ಜಾಸ್ತಿ. ಡೆಟರ್ಸ್ ಲೆಡ್ಜರ್ ಒಳಗಿನ ಅಡ್ಜಸ್ಟ್‌ಮೆಂಟ್ ಖಾತೆ, ಜನರಲ್ ಲೆಡ್ಜರ್‌ನಲ್ಲಿರುವ ಡೆಟರ್ಸ್ ಕಂಟ್ರೋಲ್‌ನ ಕನ್ನಡಿ ಬಿಂಬ. ಮೊತ್ತ ಒಂದೇ, ಬದಿ ಉಲ್ಟಾ. ಇಲ್ಲಿ ಡೆಬಿಟ್ ಇದ್ದರೆ ಅಲ್ಲಿ ಕ್ರೆಡಿಟ್ ಇರಲೇಬೇಕು. ನಮ್ಮ ಕಚೇರಿಯಲ್ಲಿ ಮೊದಲು ಡೆಟರ್ಸ್ ಲೆಡ್ಜರ್ ಬರೆದರು. ಅಲ್ಲಿ ಅಡ್ಜಸ್ಟ್‌ಮೆಂಟ್ ಖಾತೆಗೆ ಡೆಬಿಟ್ ಹೋಗಿತ್ತು, ಸರಿಯಾಗಿಯೇ. ಅದೇ ಡೆಬಿಟ್ ಅನ್ನು ಹಾಗೇ ಎತ್ತಿ ಜನರಲ್ ಲೆಡ್ಜರ್‌ನ ಡೆಟರ್ಸ್ ಕಂಟ್ರೋಲ್‌ಗೂ ಹಾಕಿದರು. ಕ್ರೆಡಿಟರ್ಸ್ ಕಡೆಯೂ ಹೀಗೇ ನಕಲು ಮಾಡಿದ್ದರಿಂದ ಕ್ರೆಡಿಟರ್ಸ್ ಕಂಟ್ರೋಲ್‌ಗೆ ಕ್ರೆಡಿಟ್ ಬಿತ್ತು. ಕಡಿಮೆಯಾಗಬೇಕಿದ್ದ ಎರಡು ಖಾತೆಗಳೂ ಏರಿದವು.

ಈಗ ನೋಡಿ, ಜನರಲ್ ಲೆಡ್ಜರ್‌ನಲ್ಲಿ 31,200 ಡೆಬಿಟ್ ಇದೆ, 31,200 ಕ್ರೆಡಿಟ್ ಇದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು. ಡೆಟರ್ಸ್ ಲೆಡ್ಜರ್ ಒಳಗೆ ಎರಡೂ ಪೋಸ್ಟಿಂಗ್ ಸರಿ, ಅದೂ ತಾಳೆ. ಕ್ರೆಡಿಟರ್ಸ್ ಲೆಡ್ಜರೂ ತಾಳೆ. ಮೂರೂ ಸರಿ ಅನಿಸುತ್ತಿರುವಾಗ ಯಾರು ಅನುಮಾನ ಪಡುತ್ತಾರೆ, ಅಲ್ವಾ?

ಅನುಮಾನ ಬಂದದ್ದು ಬ್ಯಾಂಕಿಗೆ. ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಿ ಅಂತ ಅರ್ಜಿ ಹಾಕಿದ್ದೆವು. ಬಾಕಿದಾರರ ಮೊತ್ತ ಅಂತ ಕಂಟ್ರೋಲ್ ಖಾತೆಯ 8,74,500 ತೋರಿಸಿ, ಅದರ ಜೊತೆಗೇ ಪಾರ್ಟಿವಾರು ಪಟ್ಟಿ ಕೊಟ್ಟಿದ್ದೆವು. ಆ ಪಟ್ಟಿಯ ಟೋಟಲ್ 8,12,100. ವ್ಯತ್ಯಾಸಕ್ಕೆ ಕಾರಣ ಬರೆದುಕೊಡುವ ತನಕ ಅರ್ಜಿ ಮುಂದೆ ಹೋಗುವುದಿಲ್ಲ ಅಂದರು. ನಾವು ಬಿಲ್ ಕಟ್ಟುಗಳನ್ನು ಬಿಚ್ಚಿ ಒಂದೊಂದನ್ನೇ ಲೆಡ್ಜರ್ ಜೊತೆ ಟಿಕ್ ಮಾಡುತ್ತಾ ಕೂತೆವು. ಅಷ್ಟರಲ್ಲಿ ಭತ್ತದ ಸುಗ್ಗಿ ಮುಗಿಯಿತು. ನಗದು ಕೊಟ್ಟು ಕಡಿಮೆ ದರಕ್ಕೆ ಮಾಲು ಎತ್ತುವ ಅವಕಾಶ ಹೋಯಿತು.

ಬಿಲ್‌ಗಳಲ್ಲಿ ಏನೂ ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಡೆಟರ್ಸ್ ಲೆಡ್ಜರ್ ತನ್ನೊಳಗೆ ತಾಳೆಯಾಗಿದೆ ಅಂದರೆ ಪಾರ್ಟಿಗಳ ಬಾಕಿಯ ಟೋಟಲ್ ಅದರ ಅಡ್ಜಸ್ಟ್‌ಮೆಂಟ್ ಖಾತೆಗೆ ಸಮ ಇದೆ. ಹಾಗಿದ್ದೂ ಜನರಲ್ ಲೆಡ್ಜರ್‌ನ ಕಂಟ್ರೋಲ್ ಬೇರೆ ಅಂಕಿ ತೋರಿಸುತ್ತಿದ್ದರೆ, ಮೊದಲು ಹುಡುಕಬೇಕಾದ ಜಾಗ ಕಂಟ್ರೋಲ್‌ಗೆ ಹೋದ ಪೋಸ್ಟಿಂಗ್. ಅವು ತಿಂಗಳಿಗೆ ಬೆರಳೆಣಿಕೆಯಷ್ಟು ಮಾತ್ರ ಇರುತ್ತವೆ: ಮಾರಾಟದ ಟೋಟಲ್, ವಸೂಲಿ, ಡಿಸ್ಕೌಂಟ್, ವಾಪಸ್ ಬಂದ ಮಾಲು, ಕಾಂಟ್ರಾ.

ಕೊನೆಗೆ ನಮಗೆ ದಾರಿ ತೋರಿಸಿದ್ದು ಎರಡೂ ಕಡೆಯ ವ್ಯತ್ಯಾಸವನ್ನು ಅಕ್ಕಪಕ್ಕ ಬರೆದ ಹಾಳೆ. ಡೆಟರ್ಸ್ ಕಡೆ 62,400. ಕ್ರೆಡಿಟರ್ಸ್ ಕಂಟ್ರೋಲ್ 5,96,300, ಪಟ್ಟಿ 5,33,900, ಅಲ್ಲೂ 62,400. ಎರಡು ಲೆಡ್ಜರ್‌ನಲ್ಲಿ ಒಂದೇ ಮೊತ್ತ ತಪ್ಪಿದರೆ ಮೊದಲು ಕಾಂಟ್ರಾ ಮೇಲೆ ಕಣ್ಣು ಹೋಗಬೇಕು. ಈ ಎರಡು ಖಾತೆಗಳನ್ನೂ ಒಂದೇ ಮೊತ್ತದಿಂದ ಒಟ್ಟಿಗೆ ಮುಟ್ಟುವ ಎಂಟ್ರಿ ಬೇರೆ ಇಲ್ಲ ಅನ್ನುವಷ್ಟು ಅಪರೂಪ. ಜರ್ನಲ್‌ನಲ್ಲಿ 62,400 ಹುಡುಕಿದೆವು, ಇರಲಿಲ್ಲ. ಅದರ ಅರ್ಧ 31,200 ಹುಡುಕಿದೆವು. ಮಿಲ್ಲಿನ ಎಂಟ್ರಿ ಸಿಕ್ಕಿತು.

ಅರ್ಧ ಯಾಕೆ ಅಂದರೆ, ಬದಿ ತಪ್ಪಿದರೆ ವ್ಯತ್ಯಾಸ ದುಪ್ಪಟ್ಟಾಗುತ್ತದೆ. ಇಳಿಯಬೇಕಿದ್ದ 31,200 ಇಳಿಯಲಿಲ್ಲ, ಮೇಲಿಂದ ಇನ್ನೊಂದು 31,200 ಏರಿತು. ಕಂಟ್ರೋಲ್‌ಗೆ ಕಾಂಟ್ರಾ ಹಾಕುವುದೇ ಮರೆತಿದ್ದರೆ ವ್ಯತ್ಯಾಸ ಸರಿಯಾಗಿ 31,200 ಇರುತ್ತಿತ್ತು. ಆಗಲೂ ಎರಡೂ ಕಂಟ್ರೋಲ್ ಪಟ್ಟಿಗಿಂತ ಜಾಸ್ತಿಯೇ ಇರುತ್ತವೆ. ಪಟ್ಟಿಗಳೇ ಕಂಟ್ರೋಲ್‌ಗಿಂತ ಜಾಸ್ತಿ ಇದ್ದರೆ ಆ ಲೆಡ್ಜರ್‌ಗಳ ಒಳಗೆ ಕಾಂಟ್ರಾ ಹೋಗಿಲ್ಲ ಅಂತ ಅನುಮಾನಿಸಿ. ವ್ಯತ್ಯಾಸ ಒಂದೇ ಲೆಡ್ಜರ್‌ನಲ್ಲಿದ್ದರೆ ಕಾಂಟ್ರಾ ಬಿಟ್ಟು ಡೇ ಬುಕ್‌ನ ಟೋಟಲ್ ಮತ್ತೆ ಕೂಡಿ. ಆ ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಅಂಕಿ ಅದಲುಬದಲಾಗಿರಬಹುದು, 54ರ ಜಾಗದಲ್ಲಿ 45 ಬರೆದ ಹಾಗೆ.

ತಿದ್ದಿದ್ದು ಜನರಲ್ ಲೆಡ್ಜರ್‌ನಲ್ಲಿ ಒಂದೇ ಎಂಟ್ರಿಯಲ್ಲಿ: ಕ್ರೆಡಿಟರ್ಸ್ ಕಂಟ್ರೋಲ್‌ಗೆ 62,400 ಡೆಬಿಟ್, ಡೆಟರ್ಸ್ ಕಂಟ್ರೋಲ್‌ಗೆ 62,400 ಕ್ರೆಡಿಟ್. ಪಾರ್ಟಿಗಳ ಖಾತೆ ಮುಟ್ಟಲಿಲ್ಲ. ಲಾಭ ಒಂದು ರೂಪಾಯಿಯೂ ಬದಲಾಗಲಿಲ್ಲ. ಆಸ್ತಿ ಮತ್ತು ಹೊಣೆ ಎರಡೂ ಸುಮ್ನೆ ಉಬ್ಬಿದ್ದವು, ಈಗ ಇಳಿದವು.

ಇನ್ನು ಸಸ್ಪೆನ್ಸ್ ವಿಚಾರ. ಅದು ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಾಗ ತೆರೆಯುವ ಖಾತೆ. ನಿಮ್ಮದು ತಾಳೆಯಾಗಿದೆ. ಒಂದು ಬದಿಯ ಮೊತ್ತವನ್ನು ಮಾತ್ರ ಅಲ್ಲಿಗೆ ತಳ್ಳಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿಯೇ ಇರುತ್ತದೆ, ಆದರೆ ಕಾರಣವಿಲ್ಲದ ಬಾಕಿಯೊಂದು ಸಸ್ಪೆನ್ಸ್‌ನಲ್ಲಿ ಉಳಿಯುತ್ತದೆ. ಎರಡೂ ಬದಿ ತಳ್ಳಿದರೆ ಒಂದನ್ನೊಂದು ಹೊಡೆದುಕೊಂಡು ಸಸ್ಪೆನ್ಸ್ ಸೊನ್ನೆಯಾಗುತ್ತದೆ. ಪಟ್ಟಿ ಹೊಂದುತ್ತದೆ, ಕಾರಣ ಮಾತ್ರ ದಾಖಲೆಯಲ್ಲಿ ಉಳಿಯುವುದಿಲ್ಲ. ನಾಳೆ ಆಡಿಟರ್ ಕೇಳಿದರೆ ಏನು ತೋರಿಸುತ್ತೀರಿ?

ಒಂದು ಎಚ್ಚರಿಕೆ. ಎಲ್ಲ ಹೊಂದಿದ ಮೇಲೂ ಒಬ್ಬ ಗಿರಾಕಿಯ ಬಿಲ್ ಇನ್ನೊಬ್ಬನ ಖಾತೆಗೆ ಬಿದ್ದಿರಬಹುದು, ಅಥವಾ ಬಿಲ್ ಡೇ ಬುಕ್‌ಗೇ ಬರದೆ ಹೋಗಿರಬಹುದು. ಕಂಟ್ರೋಲ್ ಖಾತೆ ಇವೆರಡನ್ನೂ ಹಿಡಿಯುವುದಿಲ್ಲ. ಅದಕ್ಕೆ ಪಾರ್ಟಿಗಳಿಂದಲೇ ಬಾಕಿ ದೃಢೀಕರಣ ತರಿಸಬೇಕು. ಎರಡು ಲೆಡ್ಜರ್‌ನಲ್ಲೂ ಹೆಸರಿರುವ ಪಾರ್ಟಿಗಳಿಂದ ಶುರು ಮಾಡಿ, ಮುರಿದುಕೊಂಡ ಮೊತ್ತ ಮತ್ತು ತಾರೀಕಿಗೆ ಅವರ ಸಹಿಯನ್ನೂ ಆ ಕಾಗದದಲ್ಲೇ ಹಾಕಿಸಿಕೊಳ್ಳಿ.