ಪ್ರಾಕ್ಸಿ ಚೀಟಿ ಕೋರಂಗೆ ಲೆಕ್ಕವಾಗುತ್ತಾ?

ಸಂಪಾದಕರಿಗೆ ನಮಸ್ಕಾರ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಒಂದು ಸಾಂಸ್ಕೃತಿಕ ಸಂಘ. ಸದಸ್ಯರು 186, ಅದರಲ್ಲಿ ಚಂದಾ ಬಾಕಿ ಇರುವ 24 ಜನಕ್ಕೆ ಬೈಲಾ ಪ್ರಕಾರ ಮತದ ಹಕ್ಕಿಲ್ಲ. 'ಮತದ ಹಕ್ಕುಳ್ಳ ಸದಸ್ಯರಲ್ಲಿ ಮೂರನೇ ಒಂದು ಭಾಗ ಖುದ್ದಾಗಿ ಹಾಜರಿದ್ದರೆ ಕೋರಂ' ಎಂದು ಬೈಲಾದಲ್ಲಿದೆ. ಲಿಖಿತ ಪ್ರಾಕ್ಸಿಗೂ ಅವಕಾಶವಿದೆ. ಹೋದ ವರ್ಷ 41 ಜನ ಬಂದಿದ್ದರು, 19 ಪ್ರಾಕ್ಸಿ ಇತ್ತು. ಅರವತ್ತಾಯಿತು ಎಂದು ಸಭೆ ನಡೆಸಿ ಲೆಕ್ಕಪತ್ರ ಪಾಸು ಮಾಡಿದರು. ಈಗ ಒಬ್ಬರು ತಕರಾರು ತೆಗೆದಿದ್ದಾರೆ. ಈ ವರ್ಷ ಕಾರ್ಯದರ್ಶಿ ನಾನು. ಸಭೆ ಸೆಪ್ಟೆಂಬರ್ 27ರ ಭಾನುವಾರ ಬೆಳಿಗ್ಗೆ 10.30ಕ್ಕೆ. ನೋಟಿಸನ್ನು ಹೇಗೆ ಬರೆಯಲಿ?
— ಹೊಸ ಕಾರ್ಯದರ್ಶಿ, ಮೈಸೂರು

ಪ್ರಿಯ ಕಾರ್ಯದರ್ಶಿಗಳೇ,

ತಕರಾರು ತೆಗೆದವರ ಮಾತು ಸರಿ. ನಿಮ್ಮ ಬೈಲಾದಲ್ಲಿ 'ಖುದ್ದಾಗಿ' ಎಂಬ ಒಂದು ಪದ ಇದೆ, ಎಲ್ಲವೂ ಅದರ ಮೇಲೆ ನಿಂತಿದೆ. 186ರಲ್ಲಿ 24 ಕಳೆದರೆ 162. ಅದರ ಮೂರನೇ ಒಂದು ಭಾಗ 54. ಹೋದ ವರ್ಷ ಕುರ್ಚಿ ಮೇಲೆ ಕೂತಿದ್ದವರು 41. ಹದಿಮೂರು ಜನ ಕಡಿಮೆ. ಪ್ರಾಕ್ಸಿ ಚೀಟಿ ಕೊಟ್ಟವರು ಮನೆಯಲ್ಲಿದ್ದರು, ಹಾಗಾಗಿ ಅವರು ಕೋರಂ ಲೆಕ್ಕಕ್ಕೆ ಬರುವುದಿಲ್ಲ. ಕೋರಂ ಇರುವ ಸಭೆಯಲ್ಲಿ ಅವರ ಚೀಟಿ ಮತಕ್ಕೆ ಲೆಕ್ಕ, ಅಷ್ಟೇ. ಬರೀ 'ಹಾಜರಿದ್ದರೆ' ಎಂದಿದ್ದರೆ ವಾದಕ್ಕೆ ಸ್ವಲ್ಪ ಜಾಗ ಇರುತ್ತಿತ್ತು. ಇಲ್ಲಿ ಅದೂ ಇಲ್ಲ.

ಇದಕ್ಕೆ ಸಂಘ ಒಡೆಯಬೇಕಾಗಿಲ್ಲ. ಹೋದ ವರ್ಷದ ಲೆಕ್ಕಪತ್ರವನ್ನು ಈ ವರ್ಷದ ಕಾರ್ಯಸೂಚಿಯಲ್ಲಿ ಬೇರೆಯದೇ ವಿಷಯವಾಗಿ ಇಡಿ. 'ಕಳೆದ ಸಭೆಯಲ್ಲಿ ಕೋರಂ ಇರಲಿಲ್ಲವಾದ್ದರಿಂದ ಆ ಸಾಲಿನ ಲೆಕ್ಕಪತ್ರವನ್ನು ಹೊಸದಾಗಿ ಒಪ್ಪಿಗೆಗೆ ಇಡುವುದು' ಎಂದು ನೇರವಾಗಿ ಬರೆಯಿರಿ. ಅದನ್ನು 'ಹಿಂದಿನ ಸಭೆಯ ನಡವಳಿ ದೃಢೀಕರಣ' ಎಂಬ ಸಾಲಿನೊಳಗೆ ಮುಚ್ಚಿಡಬೇಡಿ. ನಡವಳಿ ದೃಢೀಕರಿಸುವುದು ಎಂದರೆ ಅಂದು ನಡೆದದ್ದನ್ನು ಸರಿಯಾಗಿ ಬರೆದಿದ್ದೀರಿ ಎಂದು ಒಪ್ಪುವುದು. ಅಂದಿನ ತೀರ್ಮಾನಕ್ಕೆ ಅದು ಜೀವ ಕೊಡುವುದಿಲ್ಲ.

ಇನ್ನು ದಿನಗಳ ಲೆಕ್ಕ. ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಎಂಬುದನ್ನು ನೀವು ಬರೆದಿಲ್ಲ, ಬೈಲಾ ತೆಗೆದು ನೋಡಿಕೊಳ್ಳಿ. ಉದಾಹರಣೆಗೆ '14 ಪೂರ್ಣ ದಿನ' ಎಂದಿದೆ ಅಂದುಕೊಳ್ಳೋಣ. ಪೂರ್ಣ ದಿನ ಎಂದರೆ ನೋಟಿಸ್ ಕೈಸೇರಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. ಸಭೆ 27ಕ್ಕೆ. 26ರಿಂದ ಹಿಂದಕ್ಕೆ ಹದಿನಾಲ್ಕು ದಿನ ಎಣಿಸಿದರೆ 13ಕ್ಕೆ ಬರುತ್ತೀರಿ. ಅಂದರೆ 12ನೇ ತಾರೀಕಿನೊಳಗೆ ನೋಟಿಸ್ ಸದಸ್ಯರ ಕೈಯಲ್ಲಿರಬೇಕು. 13ಕ್ಕೆ ಮುಟ್ಟಿದರೆ ಒಂದು ದಿನ ಕಡಿಮೆಯಾಯಿತು. ಅಂಚೆಗೆ ಹಾಕುವುದಾದರೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಹಾಕಿಬಿಡಿ. ಯಾರಿಗೆ, ಯಾವ ದಿನ, ಹೇಗೆ ಕಳಿಸಿದಿರಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಕೈಯಲ್ಲಿ ಪಡೆದವರಿಂದ ಸಹಿ ತಗೊಳ್ಳಿ. ವಾಟ್ಸಾಪ್ ಗುಂಪಿಗೂ ಹಾಕಿ, ನೆನಪಿಗೆ ಒಳ್ಳೆಯದು. ಆದರೆ ಬೈಲಾದಲ್ಲಿ ಅಂಚೆ ಅಥವಾ ಖುದ್ದು ಎಂದಷ್ಟೇ ಇದ್ದರೆ ವಾಟ್ಸಾಪ್ ಸಂದೇಶವನ್ನೇ ನೋಟಿಸ್ ಅಂತ ನಂಬಿ ಕೂರಬೇಡಿ. ಚಂದಾ ಬಾಕಿ ಇರುವ ಆ 24 ಜನಕ್ಕೂ ಕಳಿಸಿ. ಮತವಿಲ್ಲದಿದ್ದರೂ ಅವರು ಸದಸ್ಯರೇ ಅಲ್ವಾ? ನೋಟಿಸ್ ನೋಡಿ ಬಾಕಿ ಕಟ್ಟುವವರೂ ಇರುತ್ತಾರೆ. ಹಾಗೆ ಕಟ್ಟಿದವರಿಗೆ ಮತದ ಹಕ್ಕು ಮರಳಿ ಬಂದರೆ 162 ಎಂಬ ಸಂಖ್ಯೆ ಏರುತ್ತದೆ, ಜೊತೆಗೆ ಕೋರಂ ಕೂಡ. ಆರು ಜನ ಕಟ್ಟಿದರೆ 168 ಆಗಿ ಕೋರಂ 56ಕ್ಕೆ ಹೋಗುತ್ತದೆ. ಹಾಗಾಗಿ ಸಭೆಯ ದಿನ ಬೆಳಿಗ್ಗೆ ಮತದಾರರ ಪಟ್ಟಿ ಅಂತಿಮ ಮಾಡಿ, ಸಂಖ್ಯೆಯನ್ನು ಹಾಜರಿ ಪುಸ್ತಕದ ತಲೆಯಲ್ಲೇ ಬರೆಯಿರಿ.

ಕಾರ್ಯಸೂಚಿಯ ಮಾಮೂಲಿ ವಿಷಯ ನಿಮಗೆ ಗೊತ್ತೇ ಇದೆ: ನಡವಳಿ, ವಾರ್ಷಿಕ ವರದಿ, ಜಮಾ-ಖರ್ಚು, ಲೆಕ್ಕಪರಿಶೋಧಕರ ನೇಮಕ, ಚುನಾವಣೆ ಇದ್ದರೆ ಅದು. ನನಗೆ ಚಿಂತೆ ಇರುವುದು ಕೊನೆಯ ಸಾಲಿನ ಬಗ್ಗೆ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು'. ನಾನು ಸದಸ್ಯನಾಗಿದ್ದ ಒಂದು ಸಂಘದಲ್ಲಿ ಚಂದಾ ಏರಿಸುವ ತೀರ್ಮಾನ ಈ ಬಾಗಿಲಿನಿಂದ ಒಳಗೆ ಬಂತು. ಊಟಕ್ಕೆ ಎದ್ದು ಹೋದವರಿಗೆ ಮರುದಿನ ಗೊತ್ತಾಯಿತು. ಆ ಜಗಳ ಎರಡು ವರ್ಷ ನಡೆಯಿತು, ಒಳ್ಳೆಯ ಹಲವರು ಬರುವುದನ್ನೇ ಬಿಟ್ಟರು. ನನಗೆ ಅದು ಇವತ್ತಿಗೂ ನೋವು. ಆ ಸಾಲಿನಡಿ ಚರ್ಚೆ, ಸಲಹೆ, ಅಭಿನಂದನೆ ಬರಲಿ. ಹಣ, ಬೈಲಾ, ಆಸ್ತಿ, ಚುನಾವಣೆಗೆ ಸೇರಿದ ಯಾವ ತೀರ್ಮಾನವೂ ಬೇಡ. ಬೈಲಾ ತಿದ್ದುಪಡಿ ಇದ್ದರೆ ಈಗಿರುವ ವಾಕ್ಯ, ಬರಲಿರುವ ವಾಕ್ಯ ಎರಡನ್ನೂ ಪೂರ್ತಿಯಾಗಿ ನೋಟಿಸಿನ ಜೊತೆ ಕಳಿಸಿ. 'ಬೈಲಾ ತಿದ್ದುಪಡಿ' ಎಂಬ ಎರಡು ಪದ ಓದಿ ಯಾರೂ ಬರಬೇಕೋ ಬೇಡವೋ ಎಂದು ನಿರ್ಧರಿಸಲಾರರು.

ಪ್ರಾಕ್ಸಿ ವಿಷಯಕ್ಕೆ ಬರೋಣ. ತೊಂದರೆ ಶುರುವಾಗುವುದು ಖಾಲಿ ಚೀಟಿಯಿಂದ. ಸದಸ್ಯರು ಸಹಿ ಹಾಕಿ ಕೊಡುತ್ತಾರೆ, ಪ್ರತಿನಿಧಿಯ ಹೆಸರನ್ನು ಆಮೇಲೆ ಯಾರೋ ತುಂಬುತ್ತಾರೆ. ಹತ್ತು ಚೀಟಿ ಒಬ್ಬರ ಜೇಬಿನಲ್ಲಿ ಸೇರಿದರೆ ಹನ್ನೊಂದು ಮತ ಒಂದೇ ಕೈಯಲ್ಲಿ. ನಮೂನೆಯನ್ನು ನೀವೇ ಅಚ್ಚು ಹಾಕಿಸಿ ನೋಟಿಸಿನ ಜೊತೆ ಕಳಿಸಿ. ಅದರಲ್ಲಿ ಕೊಡುವವರ ಹೆಸರು, ಸದಸ್ಯತ್ವ ಸಂಖ್ಯೆ, ಪ್ರತಿನಿಧಿಯ ಹೆಸರು, ಯಾವ ದಿನದ ಸಭೆಗೆ, ಸಹಿ, ತಾರೀಕು ಇರಲಿ. ಹೆಸರು ಖಾಲಿ ಇದ್ದರೆ ಚೀಟಿ ನಿಲ್ಲುವುದಿಲ್ಲ ಎಂದು ಕೆಳಗೇ ಬರೆಯಿರಿ. ಬೈಲಾದಲ್ಲಿ ಗಡುವು ಇದ್ದರೆ ಅದನ್ನೇ ಹಾಕಿ. ಸಾಮಾನ್ಯವಾಗಿ 48 ಗಂಟೆ ಇರುತ್ತದೆ. ಆದರೆ '48 ಗಂಟೆ ಮೊದಲು' ಎಂದು ಬರೆಯದೆ 'ಸೆಪ್ಟೆಂಬರ್ 25ರ ಶುಕ್ರವಾರ ಬೆಳಿಗ್ಗೆ 10.30ರೊಳಗೆ' ಎಂದು ಬರೆಯಿರಿ. ಬಂದ ಚೀಟಿಗೆ ಕ್ರಮಸಂಖ್ಯೆ, ಬಂದ ಗಂಟೆ ಹಾಕಿ. ಚೀಟಿ ಕೊಟ್ಟ ಸದಸ್ಯರೇ ಸಭೆಗೆ ಬಂದು ತಾವೇ ಮತ ಹಾಕಿದರೆ ಅವರ ಪ್ರತಿನಿಧಿಯ ಮತ ಎಣಿಸುವಂತಿಲ್ಲ. ಬಾಗಿಲಲ್ಲಿ ಸಹಿ ಹಾಕಿಸುವವರ ಕೈಯಲ್ಲಿ ಪ್ರಾಕ್ಸಿ ಪಟ್ಟಿ ಇದ್ದರೆ ಎರಡು ಸಲ ಎಣಿಸುವ ತಪ್ಪು ಆಗುವುದಿಲ್ಲ.

ಇದನ್ನು ಓದುವ ಸಹಕಾರ ಸಂಘದವರಿಗೆ ಒಂದು ಮಾತು. ನಿಮ್ಮದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಅಲ್ಲಿ ಸದಸ್ಯರು ಖುದ್ದಾಗಿಯೇ ಮತ ಹಾಕಬೇಕು, ಪ್ರಾಕ್ಸಿ ಇಲ್ಲವೇ ಇಲ್ಲ. ಈ ನಮೂನೆಯನ್ನು ಅಲ್ಲಿಗೆ ಒಯ್ಯಬೇಡಿ.

ಈಗ ನಿಮ್ಮ ನೋಟಿಸಿನ ಕೋರಂ ಭಾಗ. ಮುಂದೂಡಿದ ಸಭೆಗೆ ಕೋರಂ ಬೇಡ ಎಂಬ ನಿಯಮ ನಿಮ್ಮ ಬೈಲಾದಲ್ಲಿ ಇದೆಯೇ ನೋಡಿ. ಇದ್ದರೆ ಮಾತ್ರ ಹೀಗೆ ಬರೆಯಬಹುದು, ದಿನ ಮತ್ತು ಹೊತ್ತನ್ನು ಬೈಲಾಕ್ಕೆ ಹೊಂದಿಸಿ:

"ಸಭೆಯ ಕೋರಂ ಮತದ ಹಕ್ಕುಳ್ಳ ಸದಸ್ಯರಲ್ಲಿ ಮೂರನೇ ಒಂದು ಭಾಗ. ಈ ನೋಟಿಸಿನ ದಿನಕ್ಕೆ ಅದು 54. ಖುದ್ದಾಗಿ ಬಂದವರನ್ನು ಮಾತ್ರ ಎಣಿಸಲಾಗುವುದು. 11 ಗಂಟೆಯವರೆಗೂ ಕೋರಂ ಆಗದಿದ್ದರೆ ಸಭೆಯನ್ನು ಅಕ್ಟೋಬರ್ 4ರ ಭಾನುವಾರ ಬೆಳಿಗ್ಗೆ 10.30ಕ್ಕೆ, ಇದೇ ಜಾಗಕ್ಕೆ ಮುಂದೂಡಲಾಗುವುದು. ಅಂದು ಬಂದಷ್ಟು ಸದಸ್ಯರಿಂದ ಇದೇ ಕಾರ್ಯಸೂಚಿಯ ಸಭೆ ನಡೆಯುವುದು."

'ಇದೇ ಕಾರ್ಯಸೂಚಿ' ಎಂಬುದು ಮುಖ್ಯ. ಮುಂದೂಡಿದ ಸಭೆಗೆ ಹೊಸ ವಿಷಯ ಸೇರಿಸುವಂತಿಲ್ಲ. ಮುಂದೂಡಿದ ಸಭೆಗೆ ಕೋರಂ ಬೇಡ ಎಂಬ ನಿಯಮ ಬೈಲಾದಲ್ಲಿ ಇಲ್ಲವೆಂದರೆ ಅರ್ಧ ಗಂಟೆ ಕಾದು ಅಲ್ಲೇ 'ಈಗ ಕೋರಂ ಬೇಡ' ಎಂದು ಶುರು ಮಾಡಿದ ಸಭೆಯೂ ಹೋದ ವರ್ಷದ ಸಭೆಯ ಹಾಗೇ ಆಗುತ್ತದೆ.

ಸಭೆಯ ದಿನ 10.30ಕ್ಕೆ ತಲೆ ಎಣಿಸಿ ಬಿಟ್ಟುಬಿಡಬೇಡಿ. ಊಟದ ವಾಸನೆ ಬಂದ ಮೇಲೆ ಹಾಲ್ ಅರ್ಧ ಖಾಲಿಯಾಗುವುದು ನಾವೆಲ್ಲ ನೋಡಿದ್ದೇ. ಪ್ರತಿ ಮತಕ್ಕೆ ಮೊದಲು ಎಣಿಸಿ, ಆ ಸಂಖ್ಯೆಯನ್ನು ನಡವಳಿಯಲ್ಲಿ ಬರೆಯಿರಿ. ಮತಕ್ಕೆ ಬರುವ ವಿಷಯಗಳನ್ನೆಲ್ಲ ಊಟಕ್ಕೆ ಮೊದಲೇ ಮುಗಿಯುವಂತೆ ಇಡಿ, ವಾರ್ಷಿಕ ವರದಿ ಓದುವುದನ್ನು ಬೇಕಾದರೆ ಆಮೇಲೆ ಇಟ್ಟುಕೊಳ್ಳಿ. ನೋಟಿಸ್ ಕರಡು ಆದ ಮೇಲೆ, ಅಂಚೆಗೆ ಹಾಕುವ ಮುಂಚೆ, ತಕರಾರು ತೆಗೆದ ಆ ಸದಸ್ಯರಿಗೇ ಒಮ್ಮೆ ಓದಲು ಕೊಡಿ.

— ಸಂಪಾದಕ