ಗುರು ಪರ್ವತ ಚಪ್ಪಟೆ, ಉಂಗುರ ಬೆರಳು ಉದ್ದ: ಇಷ್ಟರಿಂದ ಏನು ಹೇಳಬಹುದು?

ಪ್ರಶ್ನೆ: ನಮ್ಮ ಮಗನಿಗೆ 26 ವರ್ಷ. ತೋರಣಗಲ್ಲಿನಾಗ ಕಾರ್ಖಾನ್ಯಾಗ ಫಿಟ್ಟರ್ ಕೆಲಸ. ಹೆಣ್ಣು ನೋಡಾಕ ಹತ್ತೀವಿ. ಹುಲಿಗಿ ಜಾತ್ರ್ಯಾಗ ಕೈ ನೋಡಿದವರು, "ಗುರು ಪರ್ವತ ಚಪ್ಪಟೆ ಐತಿ, ನಾಲ್ಕು ಮಂದಿ ಮುಂದ ನಿಲ್ಲಂಗಿಲ್ಲ. ರವಿ ಪರ್ವತ ಉಬ್ಬೈತಿ, ಉಂಗುರ ಬೆರಳು ತೋರುಬೆರಳಿಗಿಂತ ಉದ್ದ ಐತಿ, ಜೂಜಿನ ಚಟ ಹತ್ತತೈತಿ" ಅಂದ್ರು. ಬೀಗರಾಗೋರೂ ಅಲ್ಲೇ ನಿಂತಿದ್ರು. ಎರಡೂ ಕೈ ಫೋಟೊ ಕಳಿಸೀನಿ. ಬಲಗೈ ಅಳತಿ: ತೋರುಬೆರಳು 7.1, ನಡುಬೆರಳು 8.1, ಉಂಗುರ ಬೆರಳು 7.5, ಕಿರುಬೆರಳು 5.9 ಸೆಂ.ಮೀ. ಇದು ಖರೇನಾ?
– ಒಬ್ಬ ತಾಯಿ, ಕೊಪ್ಪಳ ಜಿಲ್ಲೆ

ಉತ್ತರ: ಹಸ್ತ ಸಾಮುದ್ರಿಕದ ಲೆಕ್ಕದಲ್ಲೇ ನೋಡಿದರೂ ಈ ಕೈಗೆ ಜೂಜಿನ ಮಾತು ಅನ್ವಯಿಸುವುದಿಲ್ಲ. ಅದನ್ನು ಹೇಳುವ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಬೆರಳ ಬುಡದ ಉಬ್ಬು ತಗ್ಗುಗಳಿಂದ ಮನುಷ್ಯನ ನಡತೆ ತಿಳಿಯುತ್ತದೆ ಎಂಬುದು ಪರಂಪರೆಯಿಂದ ಬಂದ ನಂಬಿಕೆ, ಪರೀಕ್ಷೆ ಮಾಡಿ ಸಾಬೀತಾದದ್ದಲ್ಲ. ಸಂಬಂಧ ಕೂಡಿಸುವುದಕ್ಕೋ ಮುರಿಯುವುದಕ್ಕೋ ಅದೊಂದನ್ನೇ ಆಧಾರ ಮಾಡಿಕೊಳ್ಳಬಾರದು. ಆದರೆ ನೋಡುವುದಾದರೆ ಸರಿಯಾಗಿ ನೋಡಬೇಕು. ಜಾತ್ರೆಯಲ್ಲಿ ಹಾಗೆ ನೋಡಿಲ್ಲ.

ತೋರುಬೆರಳ ಬುಡದ್ದು ಗುರು ಪರ್ವತ, ನಡುಬೆರಳ ಬುಡದ್ದು ಶನಿ, ಉಂಗುರ ಬೆರಳಿನದು ರವಿ, ಕಿರುಬೆರಳಿನದು ಬುಧ. ಗುರು ತುಂಬಿದ್ದರೆ ಮುಂದಾಳುತನದ ಆಸೆ ಮತ್ತು ಸ್ವಾಭಿಮಾನ, ಅತಿಯಾಗಿ ಉಬ್ಬಿದ್ದರೆ ದರ್ಪ, ಚಪ್ಪಟೆಯಾಗಿದ್ದರೆ ಹಿಂಜರಿಕೆ ಎನ್ನುತ್ತಾರೆ. ರವಿ ತುಂಬಿದ್ದರೆ ಕಲೆ, ಅಂದಚೆಂದದ ಕಡೆ ಒಲವು, ಜನ ಮೆಚ್ಚಬೇಕೆಂಬ ಆಸೆ. ಅತಿಯಾದರೆ ಆಡಂಬರ, ಚಪ್ಪಟೆಯಾದರೆ ಅದರಲ್ಲೆಲ್ಲ ನಿರಾಸಕ್ತಿ. ಬುಧನಿಗೆ ಮಾತಿನ ಚುರುಕು, ವ್ಯಾಪಾರದ ಬುದ್ಧಿ ಹೇಳುತ್ತಾರೆ. ಶನಿ ಪರ್ವತ ಮಾತ್ರ ಬಹಳ ಕೈಗಳಲ್ಲಿ ತಗ್ಗಾಗಿಯೇ ಇರುತ್ತದೆ, ಅದು ಸಹಜವೆಂದೇ ಶಾಸ್ತ್ರವೂ ಒಪ್ಪುತ್ತದೆ. ನಡುಬೆರಳ ಬುಡ ತಗ್ಗಿದೆ ಎಂದು ಎಣ್ಣೆ ದೀಪ, ಶಾಂತಿ ಎಂದು ಯಾರಾದರೂ ಖರ್ಚು ಹಚ್ಚಿದರೆ ಆ ದುಡ್ಡು ನಿಮ್ಮ ಹತ್ತಿರವೇ ಇರಲಿ.

ಈಗ ಫೋಟೊಗೆ ಬರೋಣ. ನಿಮ್ಮ ಮಗ ಅಂಗೈಯನ್ನು ಬಿಗಿಯಾಗಿ ಚಾಚಿ, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಹಿಡಿದಿದ್ದಾರೆ. ಹೆಚ್ಚಿನವರು ಕೈ ತೋರಿಸುವುದೇ ಹೀಗೆ, ತಪ್ಪು ಶುರುವಾಗುವುದೂ ಇಲ್ಲಿಂದಲೇ. ಅಂಗೈ ಚರ್ಮದ ಕೆಳಗೆ ಗಟ್ಟಿಯಾದ ನಾರಿನ ಪದರವಿದೆ. ಅದರಿಂದ ಪ್ರತಿ ಬೆರಳಿನ ಕಡೆಗೂ ಒಂದೊಂದು ಪಟ್ಟಿ ಹೋಗುತ್ತದೆ. ಬೆರಳು ಹಿಂದಕ್ಕೆ ಚಾಚಿದಾಗ ಈ ಪಟ್ಟಿಗಳು ಬಿಗಿದು ಬೆರಳ ನೇರಕ್ಕಿರುವ ಚರ್ಮವನ್ನು ಒಳಗೆ ಎಳೆಯುತ್ತವೆ, ಕೊಬ್ಬು ಪಟ್ಟಿಗಳ ನಡುವಿನ ಜಾಗದಲ್ಲಿ ಉಬ್ಬಿ ನಿಲ್ಲುತ್ತದೆ. ಹಾಗಾಗಿ ಬೆರಳ ಬುಡ ಚಪ್ಪಟೆಯಾಗಿಯೂ ಎರಡು ಬೆರಳುಗಳ ನಡುವಿನ ಸಂದು ದಪ್ಪವಾಗಿಯೂ ಕಾಣುತ್ತದೆ. ನಿಮ್ಮ ಫೋಟೊದಲ್ಲಿ "ರವಿಯ ಉಬ್ಬು" ಎಂದು ಕಾಣುವುದರ ಒಂದು ಭಾಗ ಉಂಗುರ ಬೆರಳಿಗೂ ಕಿರುಬೆರಳಿಗೂ ನಡುವೆ ಇದೆ. ಕೈ ಸಡಿಲ ಬಿಟ್ಟರೆ ಅದು ಅಲ್ಲಿ ಇರುವುದಿಲ್ಲ.

ನೋಡುವ ಕ್ರಮ ಹೀಗಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕೈ ತೊಳೆದು ಒರೆಸಿ, ಕಿಟಕಿಯ ಪಕ್ಕ ಕೂರಿಸಿ. ಅಂಗೈ ಮೇಲೆ ಮಾಡಿ ಮೇಜಿನ ಮೇಲೆ ಸಡಿಲವಾಗಿ ಇಡಲಿ, ಬೆರಳುಗಳು ತಾವಾಗಿ ಸ್ವಲ್ಪ ಮಡಚಿಕೊಂಡಿರಲಿ. ಬೆಳಕು ಮೇಲಿನಿಂದ ಅಲ್ಲ, ಕಿರುಬೆರಳಿನ ಕಡೆಯಿಂದ ಅಡ್ಡಲಾಗಿ ಬೀಳಬೇಕು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕೈಯೂ ಚಪ್ಪಟೆಯೇ. ನಿಮ್ಮ ಕಣ್ಣು ಅಂಗೈಯ ಮಟ್ಟಕ್ಕೆ ಇಳಿದು ಬೆರಳ ಬುಡದ ಸಾಲನ್ನು ಪಕ್ಕದಿಂದ ನೋಡಲಿ. ಆಮೇಲೆ ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿ ನೋಡಿ. ಮಾಂಸಲ ಉಬ್ಬಾದರೆ ಒತ್ತಿದಾಗ ತಗ್ಗಿ, ಬಿಟ್ಟ ಕೂಡಲೇ ಮೇಲೇಳುತ್ತದೆ.

ಒತ್ತಿ ನೋಡುವುದು ನಿಮ್ಮ ಮಗನ ವಿಷಯದಲ್ಲಿ ಬಹಳ ಮುಖ್ಯ. ಬಲಗೈಯ ಹತ್ತಿರದ ಫೋಟೊ ದೊಡ್ಡದು ಮಾಡಿ ನೋಡಿದರೆ ನಡುಬೆರಳು, ಉಂಗುರ ಬೆರಳು, ಕಿರುಬೆರಳಿನ ಬುಡದಲ್ಲಿ ಚರ್ಮ ಹಳದಿ ತಿರುಗಿ ಹೊಳೆಯುತ್ತಿದೆ, ಚರ್ಮದ ಸಣ್ಣ ಗೆರೆಗಳು ಸವೆದು ಮಸುಕಾಗಿವೆ. ಅದು ಜಡ್ಡು. ಸ್ಪ್ಯಾನರ್, ಸುತ್ತಿಗೆ ಹಿಡಿಯುವಾಗ ಹಿಡಿಕೆ ಒತ್ತುವುದು ಈ ಮೂರು ಬೆರಳುಗಳ ಬುಡಕ್ಕೇ, ತೋರುಬೆರಳು ಹಿಡಿಕೆಯ ಮೇಲೆ ದಾರಿ ತೋರಿಸುತ್ತಾ ಹಗುರಾಗಿ ಕೂರುತ್ತದೆ. ಮೂರು ಕಡೆ ಚರ್ಮ ದಪ್ಪವಾಗಿ ಒಂದು ಕಡೆ ಮಾತ್ರ ಆಗದಿದ್ದರೆ, ದಪ್ಪವಾಗದ ಜಾಗ ಚಪ್ಪಟೆ ಎನಿಸುತ್ತದೆ. ಗುರು ತಗ್ಗಿದ್ದೂ ರವಿ ಉಬ್ಬಿದ್ದೂ ಒಂದೇ ಕಾರಣಕ್ಕೆ. ಎಡಗೈ ಫೋಟೊ ಇದಕ್ಕೆ ಸಾಕ್ಷಿ: ಅಲ್ಲಿ ನಾಲ್ಕೂ ಬುಡಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ, ಗುರು ಪರ್ವತ ತಕ್ಕಮಟ್ಟಿಗೆ ತುಂಬಿಯೇ ಇದೆ. ಗಂಡಸರಿಗೆ ಬಲಗೈ ಮಾತ್ರ ಎಂಬ ನಿಯಮ ಹಿಡಿದು ಕೂತವರಿಗೆ ಇದು ಕಾಣುವುದಿಲ್ಲ. ದುಡಿಯುವ ಕೈ ನೋಡುವಾಗ ಎರಡನ್ನೂ ನೋಡಲೇಬೇಕು. ಅನುಮಾನ ಉಳಿದರೆ ಒತ್ತಿ ನೋಡಿ, ಜಡ್ಡು ಒತ್ತಿದರೆ ತಗ್ಗುವುದಿಲ್ಲ. ಕೆಲವು ವಾರ ಕೆಲಸಕ್ಕೆ ರಜೆ ಹಾಕಿದರೆ ತಾನೇ ತೆಳ್ಳಗಾಗುತ್ತದೆ. ರಜೆಯಲ್ಲಿ ಕರಗುವ ಪರ್ವತಕ್ಕೆ ಫಲ ಹೇಳುವುದಾದರೂ ಹೇಗೆ?

ಪರ್ವತದ ನಿಜವಾದ ಶಿಖರ ಎಲ್ಲಿದೆ ಎಂದು ಅನುಭವಿಗಳು ಉಬ್ಬಿನಿಂದ ಅಲ್ಲ, ಚರ್ಮದ ಗೆರೆಗಳಿಂದ ಗುರುತಿಸುತ್ತಾರೆ. ಪ್ರತಿ ಬೆರಳಿನ ಬುಡದಲ್ಲಿ ಮೂರು ದಿಕ್ಕಿನಿಂದ ಬಂದ ಸಣ್ಣ ಗೆರೆಗಳು ಕೂಡುವ ಪುಟ್ಟ ತ್ರಿಕೋನ ಒಂದಿರುತ್ತದೆ. ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಬೆರಳಚ್ಚಿನ ಗೆರೆಗಳಂತೆ ಇದೂ ತಾಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡದ್ದು, ದಪ್ಪಗಾದರೂ ಸಣ್ಣಗಾದರೂ ಜಾಗ ಬಿಡುವುದಿಲ್ಲ. ತ್ರಿಕೋನ ಬೆರಳಿನ ನಟ್ಟನಡುವಿನ ನೇರಕ್ಕಿದ್ದರೆ ಆ ಪರ್ವತ ತನ್ನ ಗುಣದಲ್ಲೇ ನಿಂತಿದೆ ಎನ್ನುತ್ತಾರೆ, ಪಕ್ಕದ ಬೆರಳ ಕಡೆ ಸರಿದಿದ್ದರೆ ಅದರ ಗುಣವೂ ಬೆರೆತಿದೆ ಎನ್ನುತ್ತಾರೆ. ಜಡ್ಡುಗಟ್ಟಿದ ಬಲಗೈಯಲ್ಲಿ ಇದು ಸಿಗುವುದು ಕಷ್ಟ, ಎಡಗೈಯಲ್ಲಿ ಹುಡುಕಿ. ಸ್ಟಾಂಪ್ ಪ್ಯಾಡಿನ ಮಸಿಯನ್ನು ತೆಳ್ಳಗೆ ಸವರಿ ಬಿಳಿ ಹಾಳೆಯ ಮೇಲೆ ಅಚ್ಚು ತೆಗೆಯಬಹುದು. ಹಾಳೆಯ ಕೆಳಗೆ ನಾಲ್ಕು ಮಡಿಕೆಯ ಟವೆಲ್ ಇಟ್ಟರೆ ತಗ್ಗಿನ ಜಾಗವೂ ಮೂಡುತ್ತದೆ. ಮಸಿ ಹೆಚ್ಚಾದರೆ ಗೆರೆಗಳ ನಡುವೆ ತುಂಬಿ ಎಲ್ಲ ಕರ್ರಗಾಗುತ್ತದೆ, ಆಗ ಒರೆಸಿ ಮತ್ತೆ ಒತ್ತಿ.

ಬೆರಳಿನ ಉದ್ದದ ಮಾತು. ಒಂದು ಬೆರಳನ್ನು ಇನ್ನೊಂದರ ಪಕ್ಕ ಇಟ್ಟು ತುದಿ ನೋಡಿ ಹೇಳುವುದು ಅಳತೆಯಲ್ಲ. ನಾಲ್ಕು ಬೆರಳುಗಳ ಬುಡ ನೇರ ಸಾಲಿನಲ್ಲಿಲ್ಲ, ಕಮಾನಿನಂತೆ ಬಾಗಿದೆ. ಮಣಿಕಟ್ಟು ಸ್ವಲ್ಪ ಆಚೆ ಈಚೆ ವಾಲಿದರೂ ಉಂಗುರ ಬೆರಳು ಉದ್ದವಾಗಿಯೋ ಗಿಡ್ಡವಾಗಿಯೋ ಕಾಣುತ್ತದೆ. ಅಂಗೈ ಕಡೆಯಿಂದ, ಬೆರಳು ಅಂಗೈಗೆ ಸೇರುವ ಕಡೆಯ ಮಡಿಕೆಯಿಂದ ತುದಿಯ ಮಾಂಸದವರೆಗೆ ಅಳೆಯಬೇಕು, ಉಗುರು ಲೆಕ್ಕಕ್ಕಿಲ್ಲ. ಬುಡದಲ್ಲಿ ಎರಡು ಮಡಿಕೆ ಇದ್ದರೆ ಅಂಗೈಗೆ ಹತ್ತಿರದ್ದನ್ನು ಹಿಡಿಯಿರಿ.

ನಿಮ್ಮ ಅಳತೆಯಲ್ಲಿ ತೋರುಬೆರಳನ್ನು ಉಂಗುರ ಬೆರಳಿನಿಂದ ಭಾಗಿಸಿದರೆ 7.1 ಭಾಗಿಸು 7.5, ಅಂದರೆ ಸುಮಾರು 0.95. ಗಂಡಸರಲ್ಲಿ ಉಂಗುರ ಬೆರಳು ತೋರುಬೆರಳಿಗಿಂತ ತುಸು ಉದ್ದವಿರುವುದು ತೀರಾ ಸಾಮಾನ್ಯ, ಹೆಂಗಸರಲ್ಲಿ ಸರಾಸರಿ ಎರಡೂ ಹತ್ತಿರ ಹತ್ತಿರ ಇರುತ್ತವೆ. ಈ ವ್ಯತ್ಯಾಸ ಗರ್ಭದಲ್ಲಿನ ಹಾರ್ಮೋನಿನಿಂದ ಬರುತ್ತದೆಯೇ, ಧೈರ್ಯ ಸಾಹಸದ ಸ್ವಭಾವಕ್ಕೂ ಇದಕ್ಕೂ ನಂಟಿದೆಯೇ ಎಂದು ವಿಜ್ಞಾನಿಗಳು ಬಹಳ ಕಾಲದಿಂದ ನೋಡುತ್ತಿದ್ದಾರೆ. ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ, ಸಿಕ್ಕ ನಂಟುಗಳೂ ದುರ್ಬಲ. ನೂರಾರು ಜನರ ಸರಾಸರಿಯಲ್ಲಿ ಕಾಣುವ ಸಣ್ಣ ವ್ಯತ್ಯಾಸದಿಂದ ಒಬ್ಬ ಹುಡುಗ ಎಲೆ ಆಡುತ್ತಾನೋ ಇಲ್ಲವೋ ಹೇಳಲಾಗದು. ಇನ್ನೊಂದು ಗಮನಿಸಿ: ಸ್ಕೇಲಿನಲ್ಲಿ ಒಂದು ಮಿ.ಮೀ. ತಪ್ಪುವುದು ಬಹಳ ಸುಲಭ. ತೋರುಬೆರಳು 7.2, ಉಂಗುರ ಬೆರಳು 7.4 ಎಂದು ಹಿಡಿದರೆ ಅದೇ ಕೈ 0.97 ಆಗುತ್ತದೆ. ಫಿಟ್ಟರ್ ಮನೆಯಲ್ಲಿ ವರ್ನಿಯರ್ ಇದ್ದೇ ಇರುತ್ತದಲ್ಲ, ಅದರಲ್ಲಿ ಮೂರು ಸಲ ಅಳೆದು ನಡುವಿನ ಅಂಕಿ ತೆಗೆದುಕೊಳ್ಳಿ.

ಜೂಜಿನ ಬಗ್ಗೆ ಶಾಸ್ತ್ರದ ಮಾತು ಏನೆಂದರೆ, ಉಂಗುರ ಬೆರಳು ತೋರುಬೆರಳಿಗಿಂತ ಅಲ್ಲ, ನಡುಬೆರಳಿಗೇ ಸಮಸಮ ಬರುವಷ್ಟು ಉದ್ದವಿದ್ದು, ರವಿ ಪರ್ವತವೂ ಅತಿಯಾಗಿ ಉಬ್ಬಿದ್ದರೆ ದುಡ್ಡಿನ ವಿಷಯದಲ್ಲಿ ಪಣಕ್ಕಿಳಿಯುವ ಸ್ವಭಾವ ಹೇಳುತ್ತಾರೆ. ನಿಮ್ಮ ಮಗನ ಉಂಗುರ ಬೆರಳು ನಡುಬೆರಳಿಗಿಂತ 6 ಮಿ.ಮೀ. ಗಿಡ್ಡ, ರವಿಯ ಉಬ್ಬು ಜಡ್ಡಿನದು. ಎರಡು ಲಕ್ಷಣದಲ್ಲಿ ಒಂದೂ ಇಲ್ಲ. ಬೀಗರ ಮುಂದೆ ಹೇಳಬೇಕಾದರೆ ಇಷ್ಟೇ ಹೇಳಿ, ಎಡಗೈಯನ್ನೂ ತೋರಿಸಿ.

ಕಿರುಬೆರಳು 5.9 ಎಂಬುದನ್ನು ನೋಡಿ ಇನ್ಯಾರಾದರೂ "ಗಿಡ್ಡ, ಮಾತು ಬಾರದವನು" ಎಂದಾರು. ಅದರ ತುದಿ ಉಂಗುರ ಬೆರಳಿನ ಮೇಲಿನ ಗೆಣ್ಣಿನ ಗೆರೆಗೆ ಮುಟ್ಟಬೇಕು ಎಂಬುದು ಸಾಮಾನ್ಯ ಲೆಕ್ಕ. ಬುಡ ಕೆಳಗೆ ಕೂತ ಕೈಯಲ್ಲಿ ಬೆರಳು ಸಾಕಷ್ಟು ಉದ್ದವಿದ್ದರೂ ಅಲ್ಲಿಗೆ ಮುಟ್ಟುವುದಿಲ್ಲ. ಇವರದು ಹಾಗೇ ಇದೆ, ಅದನ್ನು ಗಿಡ್ಡ ಎನ್ನಬಾರದು.

ಕೊನೆಗೆ ಕೈ ನೋಡುವವರು ಹೇಳದ ಒಂದು ವಿಷಯ. ಉಂಗುರ ಬೆರಳಿನ ಬುಡ ಒತ್ತಿದಾಗ ಜಡ್ಡಿನ ಕೆಳಗೆ ಬಟಾಣಿ ಗಾತ್ರದ ಗಂಟು ಸಿಕ್ಕಿ, ಬೆರಳು ಮಡಚಿ ಬಿಟ್ಟಾಗ ಅದೂ ಜೊತೆಗೆ ಸರಿಯುತ್ತಿದೆಯೇ ನೋಡಿ. ಬೆಳಿಗ್ಗೆ ಎದ್ದಾಗ ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು, ಬಿಡಿಸಿದರೆ ಟಕ್ ಎಂದು ಬಿಡುತ್ತದೆಯೇ ಎಂದೂ ಕೇಳಿ. ಹಾಗಿದ್ದರೆ ಅದು ಪರ್ವತವೂ ಅಲ್ಲ, ಜಡ್ಡೂ ಅಲ್ಲ. ಬೆರಳ ನರವೆಂದು ಜನ ಕರೆಯುವ ಸ್ನಾಯುರಜ್ಜು ತನ್ನ ಕೊಳವೆಯಲ್ಲಿ ಬಾತು ಸಿಕ್ಕಿಬೀಳುವ ತೊಂದರೆ. ದಿನವಿಡೀ ಹಿಡಿಕೆ ಬಿಗಿ ಹಿಡಿಯುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬೇಗ ತೋರಿಸಿದರೆ ಬಹಳ ಸಲ ವಿಶ್ರಾಂತಿ ಅಥವಾ ಒಂದು ಇಂಜೆಕ್ಷನ್‌ನಲ್ಲೇ ಮುಗಿಯುತ್ತದೆ. ಮೂಳೆ ಡಾಕ್ಟರಲ್ಲಿ ಒಮ್ಮೆ ತೋರಿಸಿ, ಅಲ್ಲಿಯವರೆಗೆ ಸ್ಪ್ಯಾನರ್ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಲಿ.