ಒಂದೇ ಶೆಲ್ಫ್, ಎರಡು ಗೋಡೆ: ಯಾವ ಪ್ಲಗ್, ಎಷ್ಟು ತೂಕ?

ಪ್ರಶ್ನೆ: ನಮ್ಮ ಫ್ಲಾಟಿನ ಹಾಲ್‌ನಲ್ಲಿ ಒಂದು ಗೋಡೆ ಇಟ್ಟಿಗೆಯದು, ಇನ್ನೊಂದು ಜಿಪ್ಸಂ ಬೋರ್ಡಿನ ಪಾರ್ಟಿಷನ್. 60 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಫ್ಲೋಟಿಂಗ್ ಶೆಲ್ಫ್ ತಂದಿದ್ದೇನೆ. ಪುಸ್ತಕ ಇಡಬೇಕು. ಅದರ ಜೊತೆ ಬಂದ ಪ್ಲಾಸ್ಟಿಕ್ ಪ್ಲಗ್ ಎರಡೂ ಗೋಡೆಗೆ ಆಗುತ್ತದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಪುಸ್ತಕದ ಶೆಲ್ಫನ್ನು ಇಟ್ಟಿಗೆ ಗೋಡೆಗೇ ಹಾಕಿ. ಬೋರ್ಡಿಗೆ ಆ ಪ್ಲಗ್ ಬೇಡವೇ ಬೇಡ.

ಕಾರಣ ಲೆಕ್ಕದಲ್ಲಿದೆ. 60 ಸೆಂ.ಮೀ. ತುಂಬ ಪುಸ್ತಕ, ಜೊತೆಗೆ ಶೆಲ್ಫಿನ ತೂಕ, ಒಟ್ಟು 16 ಕೆ.ಜಿ. ಎಂದಿಟ್ಟುಕೊಳ್ಳಿ. ಆ ಭಾರ ಗೋಡೆಯಿಂದ ಸುಮಾರು 12.5 ಸೆಂ.ಮೀ. ಮುಂದೆ ಕೂರುತ್ತದೆ. ಗೋಡೆಗೆ ಕೂರುವ ಕಬ್ಬಿಣದ ಪಟ್ಟಿಯಲ್ಲಿ ಸ್ಕ್ರೂಗಳು ಕೆಳ ಅಂಚಿನಿಂದ 4 ಸೆಂ.ಮೀ. ಮೇಲಿದ್ದರೆ, 16ನ್ನು 12.5ರಿಂದ ಗುಣಿಸಿ 4ರಿಂದ ಭಾಗಿಸಿ. 50 ಕೆ.ಜಿ. ಬಂತು ಅಲ್ವಾ? ಅಷ್ಟು ಬಲ ಸ್ಕ್ರೂಗಳನ್ನು ಹೊರಗೆ ಎಳೆಯುತ್ತಿರುತ್ತದೆ. ಶೆಲ್ಫ್ ಅಗಲವಾದಷ್ಟೂ, ಪಟ್ಟಿ ಕಿರಿದಾದಷ್ಟೂ ಈ ಎಳೆತ ಜಾಸ್ತಿ. ಪ್ಲಗ್ ಪ್ಯಾಕೆಟ್ಟಿನ ಕೆ.ಜಿ. ಅಂಕಿ ನೇರ ಕೆಳಗೆ ತೂಗುವ ಭಾರದ್ದೋ, ಹೊರಗೆ ಎಳೆಯುವ ಬಲದ್ದೋ ನೋಡಿ. ಶೆಲ್ಫಿಗೆ ಎರಡನೆಯದೇ ಮುಖ್ಯ.

ಇಟ್ಟಿಗೆ ಗೋಡೆಯಲ್ಲಿ ಪ್ಲಗ್ ಅರಳಿ ಇಟ್ಟಿಗೆಯನ್ನು ಒತ್ತಿ ಹಿಡಿಯುತ್ತದೆ. ಮೇಲಿನ ಸಿಮೆಂಟ್ ಗಿಲಾಯಿ 12–15 ಮಿ.ಮೀ. ಇರುತ್ತದೆ, ಅದಕ್ಕೆ ಹಿಡಿತವಿಲ್ಲ. ಹಾಗಾಗಿ 8 ಮಿ.ಮೀ. ಪ್ಲಗ್ ಪೂರ್ತಿಯಾಗಿ ಗಿಲಾಯಿ ದಾಟಿ ಇಟ್ಟಿಗೆಯೊಳಗೆ ಕೂರುವಷ್ಟು ಆಳ ಕೊರೆಯಿರಿ, ಸ್ಕ್ರೂ ಕೂಡ ಅಷ್ಟು ಉದ್ದದ್ದು ತನ್ನಿ. ಡ್ರಿಲ್ ಮಾಡುವಾಗ ಪುಡಿ ನೋಡುತ್ತಿರಿ. ಕೆಂಪು ಬಂದರೆ ಇಟ್ಟಿಗೆ. ಆಳಕ್ಕೆ ಹೋದ ಮೇಲೂ ಬೂದು ಬಣ್ಣದ ಮರಳೇ ಬಂದರೆ ನೀವು ಸಂದಿಯಲ್ಲಿದ್ದೀರಿ, ಸ್ವಲ್ಪ ಪಕ್ಕಕ್ಕೆ ಸರಿಯಿರಿ. ತೂತಿನ ಪುಡಿ ಊದಿ ತೆಗೆಯಿರಿ. ಸ್ಕ್ರೂ ಬಿಗಿಯುವಾಗ ಪ್ಲಗ್ಗೇ ತಿರುಗಿದರೆ ಹಿಡಿತ ಸಿಕ್ಕಿಲ್ಲ. ನಮ್ಮೂರ ಕೆಂಪುಕಲ್ಲಿನ ಗೋಡೆಯಾದರೆ ಹ್ಯಾಮರ್ ಆಫ್ ಮಾಡಿ ಕೊರೆಯಿರಿ, ಇನ್ನೂ ಉದ್ದದ ಪ್ಲಗ್ ಬಳಸಿ.

ಜಿಪ್ಸಂ ಬೋರ್ಡ್ ಸಾಮಾನ್ಯವಾಗಿ 12.5 ಮಿ.ಮೀ. ದಪ್ಪ, ಹಿಂದೆ ಖಾಲಿ. ಪ್ಲಗ್ ಅರಳಿದರೂ ಒತ್ತಲು ಅಲ್ಲಿ ಏನೂ ಇಲ್ಲ. ಅಲ್ಲಿಗೆ ಟಾಗಲ್ ಬೋಲ್ಟ್ ಬೇಕು. ಅದರ ರೆಕ್ಕೆ ಬೋರ್ಡಿನ ಹಿಂದೆ ಬಿಚ್ಚಿಕೊಂಡು ಅಗಲ ಜಾಗಕ್ಕೆ ಭಾರ ಹಂಚುತ್ತದೆ. ಆದರೂ ಕೊನೆಗೆ ಸೋಲುವುದು ಬೋಲ್ಟ್ ಅಲ್ಲ, ಬೋರ್ಡು. ನನ್ನ ಮಟ್ಟಿಗೆ ಇಷ್ಟು ಅಗಲದ ಶೆಲ್ಫನ್ನು ಬರೀ ಬೋರ್ಡಿಗೆ ಹಾಕಿದರೆ ಫೋಟೊ, ಸಣ್ಣ ಗಿಡದಂಥ 3–4 ಕೆ.ಜಿ. ಸಾಕು. ಆ ಗೋಡೆಯ ಆಚೆ ಬಾತ್‌ರೂಮ್ ಇದ್ದರೆ ಅದೂ ಬೇಡ. ಒದ್ದೆಯಾದ ಜಿಪ್ಸಂ ಮೆತ್ತಗಾಗುತ್ತದೆ.

ಅಲ್ಲೇ ಪುಸ್ತಕ ಇಡಬೇಕೆಂದರೆ ಬೋರ್ಡ್ ಕತ್ತರಿಸಿ, ಒಳಗಿನ ಕಬ್ಬಿಣದ ಫ್ರೇಮಿಗೆ 18 ಮಿ.ಮೀ. ಪ್ಲೈವುಡ್ ಬಿಗಿದು, ಮತ್ತೆ ಮುಚ್ಚಿ, ಆ ಪ್ಲೈವುಡ್ಡಿಗೆ ಸ್ಕ್ರೂ ಹಾಕಿಸಿ. ಫ್ರೇಮ್ ಎಲ್ಲಿದೆ ಎಂದು ತಿಳಿಯಲು ಸಣ್ಣ ಮ್ಯಾಗ್ನೆಟ್ಟನ್ನು ಗೋಡೆ ಮೇಲೆ ಸರಿಸುತ್ತಾ ಹೋಗಿ. ಅದು ಅಂಟಿದಲ್ಲಿ ಬೋರ್ಡಿನ ಸ್ಕ್ರೂ ಇದೆ, ಸ್ಕ್ರೂಗಳ ನೇರಕ್ಕೆ ಫ್ರೇಮ್ ಇರುತ್ತದೆ.

ಯಾವ ಗೋಡೆಯಾದರೂ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಕಡಲ ಗಾಳಿಗೆ ಉಳಿದದ್ದು ತುಕ್ಕು ಹಿಡಿಯುತ್ತದೆ. ಪುಸ್ತಕ ಜೋಡಿಸಿದ ಮೇಲೆ ಕೆಲವು ವಾರ ಪಟ್ಟಿಯ ಮೇಲಂಚು ಗಮನಿಸಿ. ಗೋಡೆಗೂ ಶೆಲ್ಫಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಕಂಡರೂ ಅವತ್ತೇ ಪುಸ್ತಕ ಇಳಿಸಿ, ಬೇರೆ ಕಡೆ ಹೊಸದಾಗಿ ತೂತು ಕೊರೆಸಿ.